ಅರ್ಧ ಇಂಚಿನ ವಾಲ್ವ್ ಮತ್ತು ಒಂದು ಸ್ಪಷ್ಟೀಕರಣ ಪತ್ರ

ಸಂಕುಚಿತ ಗಾಳಿಯ ಲೈನಿಗೆ ಬಾಲ್ ವಾಲ್ವ್ ತರಿಸುವಾಗ ಖರೀದಿ ಆದೇಶದಲ್ಲಿ ‘½ ಇಂಚು, ಟೇಪರ್ ಪೈಪ್ ಥ್ರೆಡ್’ ಎಂದಷ್ಟೇ ಬರೆಯುವುದು ಅಪರೂಪವೇನಲ್ಲ. ಆದರೆ ಈ ವರ್ಣನೆಗೆ ಎರಡು ಬಗೆಯ ಥ್ರೆಡ್‌ಗಳು ಹೊಂದುತ್ತವೆ. ಭಾರತದ ಪೈಪುಗಳಲ್ಲಿ ಸಾಮಾನ್ಯವಾಗಿರುವುದು ಬ್ರಿಟಿಷ್ ಮೂಲದ ಬಿಎಸ್‌ಪಿ, ಅಮೆರಿಕದ್ದು ಎನ್‌ಪಿಟಿ. ಆದೇಶ ಕೊಟ್ಟವರ ಮನಸ್ಸಿನಲ್ಲಿ ಮೊದಲನೆಯದಿದ್ದು, ಬಂದ ಪೆಟ್ಟಿಗೆಯಲ್ಲಿ ಎರಡನೆಯದು ಇದ್ದರೆ ಕಾರ್ಖಾನೆಯ ಎಂಜಿನಿಯರ್ ಸರಬರಾಜುದಾರರಿಗೆ ಪತ್ರ ಬರೆಯಬೇಕಾಗುತ್ತದೆ.

ಅರ್ಧ ಇಂಚಿನಲ್ಲಿ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುವುದಿಲ್ಲ. ಎರಡರಲ್ಲೂ ಇಂಚಿಗೆ 14 ಸುತ್ತು, ಎರಡರ ಇಳಿಜಾರೂ 16ಕ್ಕೆ 1. ಹೀಗಾಗಿ ಪೈಪು ವಾಲ್ವಿನೊಳಗೆ ತಿರುಗುತ್ತದೆ, ಬಿಗಿಯೂ ಆಗುತ್ತದೆ. ಒಂದು ಇಂಚಿನ ಅಳತೆಯಲ್ಲಾದರೆ 11 ಮತ್ತು 11½ ಸುತ್ತು ಇರುವುದರಿಂದ ಕೆಲವೇ ತಿರುವಿಗೆ ಸಿಕ್ಕಿಕೊಂಡು ತಪ್ಪು ಅಲ್ಲೇ ಬಯಲಾಗುತ್ತದೆ. ಅರ್ಧ ಇಂಚಿನಲ್ಲಿ ಬೇರೆಯಾಗಿರುವುದು ಮುಖ್ಯವಾಗಿ ಹಲ್ಲಿನ ಕೋನ: ಬಿಎಸ್‌ಪಿಯದು 55 ಡಿಗ್ರಿ, ಎನ್‌ಪಿಟಿಯದು 60. ಹಲ್ಲುಗಳು ಪೂರ್ತಿ ಕೂಡದೆ ಸುರುಳಿಯುದ್ದಕ್ಕೂ ಸಣ್ಣ ಸಂದು ಉಳಿಯುತ್ತದೆ. ಸೋಪಿನ ನೀರು ಹಚ್ಚಿದರೆ ಅಲ್ಲಿ ಗುಳ್ಳೆ ಏಳುತ್ತವೆ. ಟೆಫ್ಲಾನ್ ಟೇಪನ್ನು ಇನ್ನಷ್ಟು ಸುತ್ತಿ ಇನ್ನಷ್ಟು ಬಿಗಿಸುವುದು ಫಿಟ್ಟರ್‌ಗಳ ಮೊದಲ ಉಪಾಯ. ಅತಿಯಾದರೆ ಹಿತ್ತಾಳೆಯ ಬಾಡಿ ಬಿರುಕು ಬಿಡುತ್ತದೆ.

ಪತ್ರ ಮೊದಲು ಆದೇಶದ ಸಂಖ್ಯೆ, ದಿನಾಂಕ ಮತ್ತು ಆ ಸಾಲನ್ನು ಅಕ್ಷರಶಃ ಉದ್ಧರಿಸಬೇಕು. ನೆನಪಿನಿಂದ ಬರೆದರೆ ವಾದ ಅಲ್ಲಿಂದಲೇ ಶುರುವಾಗುತ್ತದೆ. ಬಂದದ್ದೇನು ಎಂಬುದು ಅದರ ನಂತರ: ಬಾಡಿಯ ಮೇಲಿನ ಗುರುತು, ಪರಿಶೀಲಿಸಿದ ವಾಲ್ವುಗಳ ಸಂಖ್ಯೆ, ಬಳಸಿದ ಗೇಜ್. ಇಲ್ಲಿ ಸುತ್ತು ಎಣಿಸಿದ್ದು ಸಾಕ್ಷಿಯಾಗದು. 55 ಡಿಗ್ರಿಯ ಗೇಜ್ ಹಲ್ಲಿಗೆ ಕೂರದೆ 60 ಡಿಗ್ರಿಯದು ಕೂತಿತೆಂದು ಫೋಟೊ ಸಮೇತ ತೋರಿಸಬೇಕು.

ಮುಂದಿನ ಭಾಗ ನಾಜೂಕಿನದು. ಬಂದ ವಾಲ್ವ್ ತನ್ನ ಮಾನದಂಡದ ಪ್ರಕಾರ ಸರಿಯಾಗಿಯೇ ಇದೆ. ಅದನ್ನು ‘ಕಳಪೆ’ ಎಂದರೆ ಸುಳ್ಳಾಗುತ್ತದೆ, ಸರಬರಾಜುದಾರರೂ ಸುಮ್ಮನಿರುವುದಿಲ್ಲ. ಆದೇಶದ ಮಾತು ಎರಡರ್ಥಕ್ಕೆ ಎಡೆಮಾಡಿತ್ತೆಂದು ಒಪ್ಪಿಕೊಂಡು, ಬಿಎಸ್‌ಪಿಯೇ ಉದ್ದೇಶವೆಂಬುದಕ್ಕೆ ಅದೇ ಆದೇಶದಲ್ಲಿ ಆಧಾರವಿದ್ದರೆ ತೋರಿಸುವುದು ಜಾಣತನ. ಪೈಪು ಐಎಸ್ 1239ರದ್ದೆಂದು ಇನ್ನೊಂದು ಪುಟದಲ್ಲಿದ್ದರೆ ಅದು ಬಲವಾದ ಆಧಾರ, ಏಕೆಂದರೆ ಆ ಪೈಪುಗಳ ಥ್ರೆಡ್ ಐಎಸ್ 554ರಂತೆ ಇರುತ್ತದೆ. ಅಂಥ ಸುಳಿವೇ ಇಲ್ಲದಿದ್ದರೆ ಬದಲಾವಣೆಯ ಖರ್ಚನ್ನು ಹಂಚಿಕೊಳ್ಳುವ ಮಾತು ಆಡಬೇಕಾಗುತ್ತದೆ.

ಕೊನೆಗೆ ಕೋರಿಕೆ. ಬಳಸದ ವಾಲ್ವುಗಳನ್ನು ಬೇರೆ ಇಟ್ಟಿರುವುದಾಗಿ ತಿಳಿಸಿ, ಬದಲಿ ಯಾವ ದಿನದೊಳಗೆ ಬೇಕೆಂದು ಹೇಳಬೇಕು. ಕೆಲಸ ನಿಲ್ಲಿಸಲಾಗದಿದ್ದರೆ ಎನ್‌ಪಿಟಿಯಿಂದ ಬಿಎಸ್‌ಪಿಗೆ ಹೊಂದಿಸುವ ಅಡಾಪ್ಟರ್ ತಾತ್ಕಾಲಿಕವಾಗಿ ನಡೆಯುತ್ತದೆ, ಆದರೆ ಸೋರಬಹುದಾದ ಇನ್ನೊಂದು ಕೂಡು ಹೆಚ್ಚುತ್ತದೆ. ಪತ್ರದ ಜೊತೆಗೇ ‘ಐಎಸ್ 554 ಪ್ರಕಾರ ½ ಇಂಚಿನ ಟೇಪರ್ ಒಳಥ್ರೆಡ್’ ಎಂಬ ತಿದ್ದಿದ ಸಾಲಿರುವ ಆದೇಶದ ತಿದ್ದುಪಡಿಯನ್ನೂ ಕಳುಹಿಸಬೇಕು; ಬದಲಿ ಸರಕು ಬಂದಾಗ ಸ್ಟೋರಿನವರು ತಾಳೆ ನೋಡುವುದು ಆ ಸಾಲಿನೊಂದಿಗೇ.