ಡ್ರೈನ್ ಚೀಲ, ಮೂತ್ರದ ಚೀಲ: ಡ್ಯೂಟಿ ಬದಲಾಗುವಾಗ ನೋಡಬೇಕಾದ್ದು

ಸರ್ಜಿಕಲ್ ವಾರ್ಡಿನಲ್ಲಿ ರಾತ್ರಿ ಎಂಟಕ್ಕೆ ಸಿಸ್ಟರ್‌ಗಳ ಡ್ಯೂಟಿ ಬದಲಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಬಂದವರು ಮನೆಗೆ ಹೊರಡುವ ಹೊತ್ತು, ಬೆಳಗಿನವರೆಗೆ ಇರಬೇಕಾದವರು ಒಳಗೆ ಬರುವ ಹೊತ್ತು. ಇವರು ಅವರಿಗೆ ರೋಗಿಗಳನ್ನು ಒಪ್ಪಿಸುವುದಕ್ಕೆ ವಾರ್ಡಿನಲ್ಲಿ ಹ್ಯಾಂಡೋವರ್ ಎನ್ನುತ್ತಾರೆ. ಅದು ನರ್ಸಿಂಗ್ ಸ್ಟೇಷನ್ನಿನ ಮೇಜಿನ ಬಳಿ ನಿಂತು ರಿಪೋರ್ಟ್ ಪುಸ್ತಕ ಓದಿ ಹೇಳುವುದರಲ್ಲೇ ಮುಗಿದರೆ ಸಾಲದು. ಹೊಟ್ಟೆಯ ಆಪರೇಷನ್ ಆದವರ ವಿಷಯದಲ್ಲಂತೂ ಇಬ್ಬರೂ ಮಂಚದ ಪಕ್ಕಕ್ಕೆ ಹೋಗಿ, ಹೊದಿಕೆ ಸರಿಸಿ ನೋಡಲೇಬೇಕು. ಅವರ ಮೈಯಿಂದ ಹೊರಬಂದ ನಳಿಕೆಗಳು ಏನು ಹೇಳುತ್ತಿವೆ ಎನ್ನುವುದು ಪುಸ್ತಕದಲ್ಲಿ ಅರ್ಧವಷ್ಟೇ ಇರುತ್ತದೆ.

ಈ ನಳಿಕೆಗಳಲ್ಲಿ ಮುಖ್ಯವಾದವು ಎರಡು. ಆಪರೇಷನ್ ಆದ ಜಾಗದಲ್ಲಿ ರಕ್ತ, ನೀರು ಕಟ್ಟಿಕೊಳ್ಳದಂತೆ ಹೊರಗೆ ತರುವುದು ಡ್ರೈನ್. ಕೆಲವಕ್ಕೆ ಬರೀ ಚೀಲವಿರುತ್ತದೆ. ಕೆಲವಕ್ಕೆ ಒತ್ತಿ ಚಪ್ಪಟೆ ಮಾಡಿದರೆ ಉಬ್ಬಿಕೊಳ್ಳುತ್ತಾ ಒಳಗಿನದನ್ನು ಎಳೆದುಕೊಳ್ಳುವ ಪ್ಲಾಸ್ಟಿಕ್ ಡಬ್ಬಿ. ಇನ್ನೊಂದು, ಮೂತ್ರಕೋಶದೊಳಗೆ ಹಾಕಿದ ಕ್ಯಾತಿಟರ್. ಅದರ ತುದಿಗೆ ಯೂರೊಬ್ಯಾಗ್ ತೂಗುತ್ತಿರುತ್ತದೆ.

ಡ್ರೈನ್ ಬಗ್ಗೆ ರೋಗಿಯ ಕಡೆಯವರು ಕೇಳಲು ಬಯಸುವ ಮಾತು ‘ಕಡಿಮೆ ಆಗಿದೆ’ ಎಂಬುದು. ಬಹಳ ಸಲ ಅದು ಒಳ್ಳೆಯ ಸುದ್ದಿಯೇ. ಆದರೆ ಬೆಳಗಿನ ಪಾಳಿಯಲ್ಲಿ ನೂರೈವತ್ತು ಎಂ.ಎಲ್. ಬಂದದ್ದು ಮಧ್ಯಾಹ್ನ ಹತ್ತಕ್ಕೆ ಇಳಿದಿದ್ದರೆ, ಒಳಗೆ ಒಣಗಿದೆ ಎನ್ನುವ ಮೊದಲು ದಾರಿ ಕಟ್ಟಿದೆಯೇ ಎಂದು ನೋಡಬೇಕು. ನಳಿಕೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕಪ್ಪಗೆ ನಿಂತಿರಬಹುದು. ರೋಗಿ ಮಗ್ಗುಲು ಬದಲಿಸಿದಾಗ ನಳಿಕೆ ಸೊಂಟದ ಕೆಳಗೆ ಸಿಕ್ಕಿ ಮಡಚಿಕೊಂಡಿರಬಹುದು. ಎಳೆಯುವ ಡಬ್ಬಿ ಪೂರ್ತಿ ಉಬ್ಬಿ ನಿಂತಿದ್ದರೆ ಅದರ ಎಳೆತ ಮುಗಿದಿದೆ ಎಂದರ್ಥ. ಕಟ್ಟಿದ ಡ್ರೈನಿನ ಗುರುತು ಹಲವು ಸಲ ಚೀಲದಲ್ಲಿ ಇರುವುದಿಲ್ಲ, ಡ್ರೆಸ್ಸಿಂಗಿನಲ್ಲಿರುತ್ತದೆ. ನಳಿಕೆಯೊಳಗೆ ಹರಿಯಬೇಕಾದದ್ದು ಅದರ ಪಕ್ಕದಿಂದ ಜಿನುಗಿ ಬಟ್ಟೆ ತೊಯ್ದಿರುತ್ತದೆ. ಅದಕ್ಕೇ ಹೊದಿಕೆ ಸರಿಸಿ ನೋಡಬೇಕು ಎಂದದ್ದು. ಮಡಚಿದ್ದನ್ನು ಸಿಸ್ಟರ್ ನೆಟ್ಟಗೆ ಮಾಡುತ್ತಾರೆ. ಹೆಪ್ಪು ಕಟ್ಟಿದ್ದರೆ ಡಾಕ್ಟರಿಗೆ ಹೇಳಬೇಕು. ಅವರ ಸೂಚನೆಯಿಲ್ಲದೆ ನಳಿಕೆಯನ್ನು ಹಿಂಡುವುದಾಗಲಿ ಒಳಗೆ ನೀರು ಬಿಡುವುದಾಗಲಿ ಸಲ್ಲ.

ಅಳತೆಯಲ್ಲೂ ಒಂದು ಕ್ರಮವಿದೆ. ಹೋಗುವವರು ತಮ್ಮ ಪಾಳಿಯಲ್ಲಿ ಬಂದದ್ದನ್ನು ಅಳತೆಯ ಜಗ್ಗಿಗೆ ಸುರಿದು, ಬರೆದು, ಖಾಲಿ ಚೀಲ ಒಪ್ಪಿಸಬೇಕು. ಖಾಲಿ ಮಾಡದ ಚೀಲವಾದರೆ ಅದರ ಮೇಲಿನ ಮಟ್ಟಕ್ಕೆ ಗೆರೆ ಎಳೆದು ಸಮಯ ಹಾಕಬೇಕು. ಇಲ್ಲದಿದ್ದರೆ ಇನ್ನೂರು ಎಂ.ಎಲ್. ಎಂಬುದು ಎರಡು ಗಂಟೆಯದೋ ಇಡೀ ದಿನದ್ದೋ ರಾತ್ರಿಯವರಿಗೆ ತಿಳಿಯದು. ಎರಡು ಡ್ರೈನ್‌ಗಳಿದ್ದರೆ ಪ್ರತಿಯೊಂದರ ಮೇಲೂ ಅದು ಎಲ್ಲಿಂದ ಬಂದಿದೆ ಎಂಬ ಚೀಟಿ ಅಂಟಿಸಿ, ಲೆಕ್ಕವನ್ನೂ ಬೇರೆ ಬೇರೆ ಬರೆಯಬೇಕು. ಒಟ್ಟು ಸೇರಿಸಿ ಬರೆದ ಲೆಕ್ಕದಲ್ಲಿ ಯಾವುದು ಕೆಟ್ಟಿತು ಎಂಬುದು ಅಡಗಿಹೋಗುತ್ತದೆ.

ನಮ್ಮ ಆಸ್ಪತ್ರೆಗಳಲ್ಲಿ ಇನ್ನೊಂದು ತೊಡಕಿದೆ. ಚೀಲ ತುಂಬಿತೆಂದು ರೋಗಿಯ ಮಗನೋ ಸೊಸೆಯೋ ಅದನ್ನು ಬಚ್ಚಲಿಗೆ ಸುರಿದು ಬಂದಿರುತ್ತಾರೆ. ಸಹಾಯ ಮಾಡಬೇಕೆಂಬ ಮನಸ್ಸೇ, ಅಳತೆ ಮಾತ್ರ ಹೋಯಿತು. ಅಂಥಾ ಹೊತ್ತಿನಲ್ಲಿ ಚಾರ್ಟಿನಲ್ಲಿ ಸೊನ್ನೆ ಬರೆಯುವುದೂ ತಪ್ಪು, ಅಂದಾಜಿನ ಅಂಕಿ ಬರೆಯುವುದೂ ತಪ್ಪು. ‘ಆರೂವರೆಗೆ ಅಳೆಯದೆ ಚೆಲ್ಲಲಾಗಿದೆ’ ಎಂದೇ ಬರೆದು, ಬಾಯಲ್ಲೂ ಹೇಳಿ ಒಪ್ಪಿಸಬೇಕು. ಮನೆಯವರಿಗೆ ‘ತುಂಬಿದರೆ ನಮ್ಮನ್ನು ಕರೀರಿ, ನೀವೇ ಚೆಲ್ಲಬೇಡಿ’ ಎಂದು ಮೊದಲ ದಿನವೇ ಹೇಳಿದರೆ ಈ ತೊಡಕು ಬಹುಪಾಲು ತಪ್ಪುತ್ತದೆ.

ಈ ಎರಡೂ ಚೀಲಗಳನ್ನು ಒಟ್ಟಿಗೆ ಓದುವುದು ಯಾಕೆ ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಅರವತ್ತು ಕೆ.ಜಿ. ತೂಕದ ಮಹಿಳೆ. ಹಿಂದಿನ ದಿನ ಹೊಟ್ಟೆ ತೆರೆದು ಗರ್ಭಕೋಶ ತೆಗೆದಿದ್ದಾರೆ. ಕಿಬ್ಬೊಟ್ಟೆಯಲ್ಲಿ ಒಂದು ಡ್ರೈನ್, ಮೂತ್ರಕ್ಕೆ ಕ್ಯಾತಿಟರ್. ದೊಡ್ಡವರಲ್ಲಿ ಪ್ರತಿ ಕೆ.ಜಿ. ತೂಕಕ್ಕೆ ಗಂಟೆಗೆ ಅರ್ಧ ಎಂ.ಎಲ್. ಮೂತ್ರವಾದರೂ ಬರಬೇಕು ಎಂಬುದು ವಾರ್ಡಿನ ಲೆಕ್ಕ. ಈಕೆಗೆ ಅದು ಗಂಟೆಗೆ 30, ಆರು ಗಂಟೆಯ ಪಾಳಿಗೆ 180. ಬೆಳಗಿನ ಪಾಳಿಯಲ್ಲಿ ಮೂತ್ರ 300, ಡ್ರೈನಿನಲ್ಲಿ ಕೆಂಪಗಿನ ದ್ರವ 60. ಮಧ್ಯಾಹ್ನದ ಪಾಳಿಯಲ್ಲಿ ಮೂತ್ರ 130ಕ್ಕೆ ಇಳಿದಿದೆ, ಡ್ರೈನ್ 240ಕ್ಕೆ ಏರಿದೆ.

ಮೂತ್ರದ್ದನ್ನು ಮಾತ್ರ ನೋಡಿದವರು ‘ನೀರು ಕಡಿಮೆಯಾಗಿರಬೇಕು, ಡ್ರಿಪ್ ಜಾಸ್ತಿ ಮಾಡಿಸೋಣ’ ಎಂದುಕೊಳ್ಳುತ್ತಾರೆ. ಡ್ರೈನನ್ನು ಮಾತ್ರ ನೋಡಿದವರು ‘ಚೆನ್ನಾಗಿ ಹರೀತಿದೆ, ರಕ್ತವೂ ಇಲ್ಲ’ ಎಂದುಕೊಳ್ಳುತ್ತಾರೆ. ಮಂಚದ ಪಕ್ಕ ನಿಂತ ಇಬ್ಬರು ಸಿಸ್ಟರ್‌ಗಳು ಮೊದಲು ಕ್ಯಾತಿಟರ್ ಹಿಡಿದು ನೋಡುತ್ತಾರೆ: ಮಡಚಿಲ್ಲ, ತೊಡೆಗೆ ಪ್ಲಾಸ್ಟರ್ ಹಾಕಿ ಹಿಡಿಸಿದ್ದು ಸರಿಯಿದೆ, ಪಕ್ಕದಿಂದ ಸೋರುತ್ತಿಲ್ಲ. ಹೊಕ್ಕುಳ ಕೆಳಗೆ ಮೆಲ್ಲಗೆ ಮುಟ್ಟಿದರೆ ಮೂತ್ರಕೋಶ ತುಂಬಿ ಗಟ್ಟಿಯಾಗಿಲ್ಲ. ಅಂದರೆ ಕ್ಯಾತಿಟರ್ ಕಟ್ಟಿಲ್ಲ. ಆಮೇಲೆ ಡ್ರೈನ್ ಚೀಲವನ್ನು ಬೆಳಕಿಗೆ ಹಿಡಿಯುತ್ತಾರೆ. ಬೆಳಿಗ್ಗೆ ಕೆಂಪಗಿದ್ದದ್ದು ಈಗ ತಿಳಿ ಹಳದಿ. ಮೂತ್ರ ಇಳಿದ ಹೊತ್ತಿಗೇ ಡ್ರೈನ್ ಏರಿ, ಬಣ್ಣ ತಿಳಿಯಾಗಿದ್ದರೆ ಒಂದು ಅನುಮಾನ ಬರಲೇಬೇಕು: ಮೂತ್ರವೇ ಹೊಟ್ಟೆಯೊಳಗೆ ಸೋರಿ ಡ್ರೈನಿನಿಂದ ಹೊರಬರುತ್ತಿರಬಹುದು. ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳ ಗರ್ಭಕೋಶಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುವುದರಿಂದ ಈ ಆಪರೇಷನ್ನಿನಲ್ಲಿ ಅದಕ್ಕೆ ಪೆಟ್ಟಾಗುವ ಸಾಧ್ಯತೆ ಇದ್ದೇ ಇರುತ್ತದೆ.

ಅನುಮಾನ ತೀರಿಸಿಕೊಳ್ಳುವುದು ಕಷ್ಟವಲ್ಲ. ಡ್ಯೂಟಿ ಡಾಕ್ಟರನ್ನು ಕರೆದರೆ ಅವರು ಡ್ರೈನಿನ ದ್ರವವನ್ನೂ ರಕ್ತವನ್ನೂ ಕ್ರಿಯಾಟಿನಿನ್ ಪರೀಕ್ಷೆಗೆ ಕಳಿಸುತ್ತಾರೆ. ಹೊಟ್ಟೆಯ ಸಾಮಾನ್ಯ ನೀರಾದರೆ ಎರಡರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಮೂತ್ರವಾಗಿದ್ದರೆ ಡ್ರೈನಿನ ಅಂಕಿ ರಕ್ತದ್ದಕ್ಕಿಂತ ಹಲವು ಪಟ್ಟು ಮೇಲಿರುತ್ತದೆ. ಆಗ ಸ್ಕ್ಯಾನ್, ಯೂರಾಲಜಿಯವರ ಸಲಹೆ, ಮುಂದಿನ ದಾರಿ. ಮಧ್ಯಾಹ್ನದ ಬಣ್ಣ ಬರೆದಿಲ್ಲದಿದ್ದರೆ, ಬೆಳಗಿನ ಅಂಕಿಯ ಪಕ್ಕದಲ್ಲಿ ಈಗಿನ ಅಂಕಿ ಇಟ್ಟು ನೋಡದಿದ್ದರೆ, ಇದೆಲ್ಲ ಒಂದೆರಡು ದಿನ ತಡವಾಗಿ, ಹೊಟ್ಟೆ ಉಬ್ಬಿ ಜ್ವರ ಬಂದ ಮೇಲೆ ಗೊತ್ತಾಗುತ್ತಿತ್ತು. ಹಾಗಾಗಿ ಹ್ಯಾಂಡೋವರ್ ಪಟ್ಟಿಯಲ್ಲಿ ‘ಹಿಂದಿನ ಪಾಳಿಯಲ್ಲಿ ಎಷ್ಟು, ಯಾವ ಬಣ್ಣ’ ಎಂಬ ಸಾಲು ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ. ‘ಡ್ರೈನ್ ಇದೆ’ ಎಂಬುದಕ್ಕೊಂದು ಟಿಕ್, ‘ಕ್ಯಾತಿಟರ್ ಇದೆ’ ಎಂಬುದಕ್ಕೊಂದು ಟಿಕ್ ಹಾಕಿಸಿಕೊಳ್ಳುವ ಪಟ್ಟಿಗಳು ಎಷ್ಟೋ ಇವೆ. ಅವುಗಳಿಂದ ಈ ಮಹಿಳೆಗೆ ಏನೂ ಉಪಯೋಗವಾಗುತ್ತಿರಲಿಲ್ಲ.

ಕ್ಯಾತಿಟರ್‌ಗೆ ಸಂಬಂಧಿಸಿ ಪಟ್ಟಿಯಲ್ಲಿ ಇನ್ನೆರಡು ಸಾಲು ಬೇಕು. ಒಂದು, ಹಾಕಿದ ದಿನಾಂಕ ಮತ್ತು ಅದು ಇನ್ನೂ ಬೇಕೇ ಎಂಬ ಪ್ರಶ್ನೆ. ಅದು ಒಳಗಿರುವ ಒಂದೊಂದು ದಿನವೂ ಮೂತ್ರದ ಸೋಂಕಿನ ಅಪಾಯ ಹೆಚ್ಚುತ್ತದೆ. ಯಾರೂ ಕೇಳದಿದ್ದರೆ ಎದ್ದು ಓಡಾಡುವ ರೋಗಿಗೂ ಅದು ಸುಮ್ಮನೆ ಉಳಿದುಬಿಡುತ್ತದೆ. ಚೀಲ ಮೂತ್ರಕೋಶಕ್ಕಿಂತ ಕೆಳಗಿದೆಯೇ, ನೆಲಕ್ಕೆ ತಾಗಿಲ್ಲವೇ ಎಂದು ನೋಡುವುದೂ ಇದೇ ಸೋಂಕಿನ ಕಾರಣಕ್ಕೆ. ಟ್ರಾಲಿಯಲ್ಲಿ ಸ್ಕ್ಯಾನಿಗೆ ಹೋಗಿಬಂದವರ ಚೀಲ ಹೊಟ್ಟೆಯ ಮೇಲೇ ಉಳಿದಿರುವುದುಂಟು.

ಎರಡನೆಯದು, ಕ್ಯಾತಿಟರ್ ತೆಗೆದ ಮೇಲಿನ ಮಾತು. ಹರ್ನಿಯಾ ಆಪರೇಷನ್ ಆದ ಅಜ್ಜನಿಗೆ ಸಂಜೆ ನಾಲ್ಕಕ್ಕೆ ತೆಗೆದರು ಎನ್ನಿ. ನಳಿಕೆಯೇ ಇಲ್ಲವಾದ್ದರಿಂದ ಎಂಟು ಗಂಟೆಗೆ ಒಪ್ಪಿಸಲು ಏನೂ ಉಳಿದಿಲ್ಲ ಎನಿಸುತ್ತದೆ. ಆದರೆ ಅವರಿನ್ನೂ ತಾವಾಗಿ ಮೂತ್ರ ಮಾಡಿಲ್ಲ. ಸುಮಾರು ಆರು ಗಂಟೆಯೊಳಗೆ ಆಗಬೇಕಾದ್ದು. ಹಾಗಾಗಿ ಹೊರಡುವ ಸಿಸ್ಟರ್ ಹೇಳಬೇಕಾದ ಮಾತು ಹೀಗಿರುತ್ತದೆ: ‘ಅಜ್ಜನಿಗೆ ನಾಲ್ಕಕ್ಕೆ ಕ್ಯಾತಿಟರ್ ತೆಗೆದಿದೆ, ಇನ್ನೂ ಯೂರಿನ್ ಪಾಸ್ ಮಾಡಿಲ್ಲ. ಹತ್ತರೊಳಗೆ ಆಗದಿದ್ದರೆ, ಅಥವಾ ಅದಕ್ಕೂ ಮೊದಲೇ ಕಿಬ್ಬೊಟ್ಟೆ ಉಬ್ಬಿ ನೋವು ಅಂದರೆ, ಡಾಕ್ಟರಿಗೆ ಫೋನ್ ಮಾಡಿ. ಹನಿ ಹನಿ ಬಂದರೆ ಆಯ್ತು ಅಂತ ಬಿಡಬೇಡಿ, ಎಷ್ಟು ಬಂತು ಅಂತ ಅಳೆದು ಬರೀರಿ.’