ಒಂದೇ ಫೈಲಿನಲ್ಲಿ ನಾಲ್ಕು ವಾಷರ್

ಬೋಲ್ಟಿನ ತಲೆಯಡಿ ಕೂರುವ ವಾಷರನ್ನು ಕೈಯಲ್ಲಿ ಹಿಡಿದು ನೋಡಿ. ದುಂಡನೆಯ ಬಿಲ್ಲೆ, ನಡುವೆ ಒಂದು ತೂತು. 8 ಮಿ.ಮೀ. ಬೋಲ್ಟಿನದೂ 16 ಮಿ.ಮೀ. ಬೋಲ್ಟಿನದೂ ಒಂದೇ ರೂಪ. ಬದಲಾಗುವುದು ಒಳವ್ಯಾಸ, ಹೊರವ್ಯಾಸ, ದಪ್ಪ ಮಾತ್ರ. ಆದರೂ ಸೈಜಿಗೊಂದು ಫೈಲ್ ಮಾಡಿಡುವ ಅಭ್ಯಾಸ ಹೋಗಿಲ್ಲ. ನಾಳೆ ಅಂಚಿಗೆ ಚೇಂಫರ್ ಬೇಕೆಂದರೆ ನಾಲ್ಕು ಫೈಲ್ ತೆರೆಯಬೇಕು. ಮೂರನ್ನು ತಿದ್ದಿ ನಾಲ್ಕನೆಯದನ್ನು ಮರೆತರೆ ಹಳೆಯ ವಾಷರೇ ತಯಾರಾಗಿ ಬರುತ್ತದೆ.

ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕೆ ಕಾನ್ಫಿಗರೇಶನ್ ಎಂಬ ಏರ್ಪಾಡಿದೆ. ಆಕಾರ ಒಂದೇ, ಸೈಜಿಗೊಂದು ಹೆಸರು. ಆ ಹೆಸರುಗಳನ್ನೂ ಅಳತೆಗಳನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟರೆ ಅದೇ ಡಿಸೈನ್ ಟೇಬಲ್.

ಮೊದಲು ವಾಷರನ್ನು ಒಂದು ಸೈಜಿನಲ್ಲಿ ಬಿಡಿಸಿ: ಒಂದೇ ಕೇಂದ್ರದ ಎರಡು ವೃತ್ತ, ಅದಕ್ಕೆ ದಪ್ಪ. ತಂತ್ರಾಂಶವು ಅಳತೆಗಳಿಗೆ ತಾನಾಗಿ `D1`, `D2` ಎಂದು ಹೆಸರಿಡುತ್ತದೆ. ಅವನ್ನು ಆಗಲೇ ಬದಲಿಸಿ. ಆರು ತಿಂಗಳ ನಂತರ `D2` ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಆಮೇಲೆ `Insert > Tables` ಮೂಲಕ ಹಾಳೆ ತೆರೆದು, ಐಎಸ್‌ಒ 7089ರ ಅಳತೆಗಳನ್ನು ತುಂಬಿ:

```
      ID@Sketch1  OD@Sketch1  T@Boss-Extrude1
M8    8.4         16          1.6
M10   10.5        20          2
M12   13          24          2.5
M16   17          30          3
```

ಹಾಳೆ ಮುಚ್ಚಿದೊಡನೆ ನಾಲ್ಕು ವಾಷರ್ ಸಿದ್ಧ. ಈಗ ಚೇಂಫರ್ ಒಮ್ಮೆ ಹಾಕಿದರೆ ಸಾಕು, ನಾಲ್ಕಕ್ಕೂ ಬರುತ್ತದೆ.

ಎಚ್ಚರ ಬೇಕಾದದ್ದು ಹಾಳೆ ತುಂಬುವಾಗ. ನಾನೇ ಒಮ್ಮೆ `M12` ಸಾಲಿನಲ್ಲಿ 13ರ ಬದಲು 31 ಒತ್ತಿದ್ದೆ. ತೂತು ಹೊರವ್ಯಾಸಕ್ಕಿಂತ ದೊಡ್ಡದು! ಆದರೆ ಎಲ್ಲೂ ಕೆಂಪು ಗುರುತು ಬರಲಿಲ್ಲ. ಎರಡು ವೃತ್ತಗಳ ನಡುವಿನ ಭಾಗವನ್ನಷ್ಟೇ ತಂತ್ರಾಂಶ ನೋಡುತ್ತದೆ. 31 ಹೊರಗೆ, 24 ಒಳಗೆ ಇರುವ ಉಂಗುರ ಕಟ್ಟಿಕೊಟ್ಟಿತು. ತೂಕ ನೋಡಿಯೂ ಪತ್ತೆ ಮಾಡುವುದು ಕಷ್ಟ: ಉಕ್ಕಿನ ಸರಿಯಾದ ವಾಷರ್ ಸುಮಾರು 6.3 ಗ್ರಾಂ, ಈ ತಪ್ಪು ಉಂಗುರ 5.9 ಗ್ರಾಂ.

ಅಂದಿನಿಂದ ಟೇಬಲ್ಲಿನ ಬಲಕ್ಕೆ ಒಂದು ಕಾಲಂ ಖಾಲಿ ಬಿಟ್ಟು, ಅದರಾಚೆ ಒಂದು ಸೂತ್ರ ಹಾಕುತ್ತೇನೆ: ಹೊರವ್ಯಾಸದಲ್ಲಿ ಒಳವ್ಯಾಸ ಕಳೆದು ಅರ್ಧ ಮಾಡುವುದು. ಆ ಖಾಲಿ ಕಾಲಂ ಇಲ್ಲದಿದ್ದರೆ ಸೂತ್ರದ ತಲೆಬರಹವನ್ನೂ ಒಂದು ಅಳತೆಯೆಂದು ತಂತ್ರಾಂಶ ಓದಲು ಹೋಗುತ್ತದೆ. ಸರಿಯಿದ್ದರೆ ನಾಲ್ಕು ಸಾಲಿಗೆ 3.8, 4.75, 5.5, 6.5 ಬರಬೇಕು. ನನ್ನ ತಪ್ಪು ಸಾಲಿನಲ್ಲಿ ಬರುತ್ತಿದ್ದದ್ದು ಮೈನಸ್ 3.5.

ಡ್ರಾಯಿಂಗ್ ಶೀಟಿನ ಪ್ರತಿ ನೋಟಕ್ಕೂ ಯಾವ ಸೈಜು ಎಂದು ಬೇರೆಯಾಗಿ ಆರಿಸಬೇಕು. ಹಾಳೆ ಸರಿಯಿದ್ದರೂ ಇಲ್ಲಿ ತಪ್ಪಬಹುದು. ಶಾಪ್‌ಗೆ ಪ್ರಿಂಟ್ ಕಳಿಸುವ ಮುನ್ನ ಶೀಟಿನ ಮೇಲಿನ ಹೆಸರನ್ನೂ ತೂತಿನ ಅಳತೆಯನ್ನೂ ಒಮ್ಮೆ ತಾಳೆ ನೋಡಿ.