ಬಿದ್ದ ಷೇರು ಮರಳುವುದನ್ನು ಎಷ್ಟು ದಿನ ಕಾಯಬೇಕು?

ಒಳ್ಳೆಯ ಷೇರೊಂದು ನಾಲ್ಕು ದಿನ ಬಿಡದೆ ಬಿದ್ದರೆ ‘ಇನ್ನು ಏರಲೇಬೇಕು’ ಎಂದು ಕೊಳ್ಳುವವರು ಬಹಳ ಮಂದಿ. ಆ ಅನಿಸಿಕೆಯನ್ನೇ ನಿಯಮವಾಗಿಸಿದರೆ ಅದು ಮೀನ್ ರಿವರ್ಷನ್: ಬೆಲೆ ತನ್ನ ಸರಾಸರಿಯಿಂದ ತೀರಾ ದೂರ ಸರಿದಾಗ ಮತ್ತೆ ಅತ್ತ ಮರಳುತ್ತದೆ ಎಂಬ ಲೆಕ್ಕಾಚಾರ. ಇಲ್ಲಿ ಕೊಳ್ಳುವುದಕ್ಕಿಂತ ಹೊರಬರುವುದೇ ಕಷ್ಟ.

‘ತೀರಾ ದೂರ’ ಎಂದರೆ ಎಷ್ಟು ಎಂಬುದಕ್ಕೆ ಎರಡು ಅಳತೆಗಳಿವೆ. ಮೊದಲನೆಯದು ವೆಲ್ಸ್ ವೈಲ್ಡರ್ 1978ರಲ್ಲಿ ಪರಿಚಯಿಸಿದ ಆರ್‌ಎಸ್‌ಐ. ಇದು ಸಾಮಾನ್ಯವಾಗಿ 14 ದಿನಗಳ ಏರಿಕೆಯನ್ನೂ ಇಳಿಕೆಯನ್ನೂ ತೂಗಿ ಸೊನ್ನೆಯಿಂದ 100ರೊಳಗಿನ ಅಂಕಿ ಕೊಡುತ್ತದೆ. ಸರಾಸರಿ ಏರಿಕೆ 1.5 ರೂಪಾಯಿ, ಸರಾಸರಿ ಇಳಿಕೆ 4.5 ರೂಪಾಯಿ ಇದ್ದರೆ ಆರ್‌ಎಸ್‌ಐ 25. 30ಕ್ಕಿಂತ ಕೆಳಗಿದ್ದರೆ ಮಾರಾಟ ಅತಿಯಾಗಿದೆ ಎನ್ನುತ್ತಾರೆ. ಎರಡನೆಯದು ಜಾನ್ ಬೋಲಿಂಜರ್ ಹೆಸರಿನ ಬ್ಯಾಂಡ್. 20 ದಿನಗಳ ಸರಾಸರಿಯ ಮೇಲೂ ಕೆಳಗೂ, ಅದೇ 20 ದಿನಗಳ ಪ್ರಮಾಣ ವಿಚಲನೆಯ ಎರಡು ಪಟ್ಟು ದೂರದಲ್ಲಿ ಗೆರೆ ಎಳೆಯುತ್ತಾರೆ. ಏರಿಳಿತ ಹೆಚ್ಚಿದರೆ ಬ್ಯಾಂಡ್ ಹಿಗ್ಗುತ್ತದೆ. ಆದರೆ ಎರಡೂ ಅಳತೆಗಳು ಹುಟ್ಟುವುದು ಅದೇ ಮುಕ್ತಾಯದ ಬೆಲೆಗಳಿಂದ. ಹಾಗಾಗಿ ಎರಡೂ ಒಂದೇ ಮಾತು ಹೇಳಿದರೆ ಅದನ್ನು ಎರಡು ಸಾಕ್ಷಿ ಎಂದು ಎಣಿಸಬಾರದು.

ಖರೀದಿಯ ನಿಯಮ ಹೀಗಿರಲಿ. ಬೆಲೆ 200 ದಿನಗಳ ಸರಾಸರಿಗಿಂತ ಮೇಲಿರಬೇಕು. ಒಂದು ದಿನ ಅದು ಕೆಳಬ್ಯಾಂಡಿನ ಹೊರಗೆ, ಆರ್‌ಎಸ್‌ಐ 30ಕ್ಕಿಂತ ಕೆಳಗೆ ಮುಗಿಯಬೇಕು. ಮರುದಿನ ಬ್ಯಾಂಡಿನ ಒಳಗೆ ಮರಳಿ ಮುಗಿದರೆ, ಅದರ ಮಾರನೆಯ ಬೆಳಿಗ್ಗೆ ಕೊಳ್ಳುವುದು. ಮುಕ್ತಾಯದ ಬೆಲೆ ತಿಳಿಯುವುದು ಪೇಟೆ ಮುಚ್ಚಿದ ಮೇಲೆಯೇ. ಹಳೆಯ ದತ್ತಾಂಶದ ಮೇಲೆ ಪರೀಕ್ಷಿಸುವಾಗ ಅದೇ ಬೆಲೆಗೆ ಕೊಂಡಂತೆ ಲೆಕ್ಕ ಹಾಕಿದರೆ ಸಿಗದ ಲಾಭ ಕಾಗದದ ಮೇಲೆ ಕಾಣುತ್ತದೆ.

ಒಂದು ಕಾಲ್ಪನಿಕ ಷೇರನ್ನು ನೋಡೋಣ. 20 ದಿನಗಳ ಸರಾಸರಿ 500 ರೂಪಾಯಿ, ವಿಚಲನೆ ಸುಮಾರು 10, ಆದ್ದರಿಂದ ಕೆಳಬ್ಯಾಂಡ್ 480. 200 ದಿನಗಳ ಸರಾಸರಿ 460. ಷೇರು 476ರಲ್ಲಿ ಮುಗಿಯಿತು, ಆರ್‌ಎಸ್‌ಐ 27. ಮರುದಿನ 481ಕ್ಕೆ ಬಂದು ಬ್ಯಾಂಡಿನೊಳಗೆ ಸೇರಿತು. ಮಾರನೆಯ ಬೆಳಿಗ್ಗೆ 482ಕ್ಕೆ ಕೊಂಡೆವು. ಒಂದೂವರೆ ವಿಚಲನೆ ಕೆಳಗೆ, ಅಂದರೆ 467ಕ್ಕೆ, ಸ್ಟಾಪ್‌ಲಾಸ್. ಷೇರಿಗೆ 15 ರೂಪಾಯಿ ಅಪಾಯ. ಎರಡು ಲಕ್ಷದ ಬಂಡವಾಳದಲ್ಲಿ ಒಂದು ವಹಿವಾಟಿಗೆ ಶೇ 1ರಷ್ಟೇ ಕಳೆದುಕೊಳ್ಳಲು ಸಿದ್ಧರಿದ್ದರೆ 133 ಷೇರು ಕೊಳ್ಳಬಹುದು.

ಲಾಭದ ನಿಯಮ ಸರಳ: ಬೆಲೆ 20 ದಿನಗಳ ಸರಾಸರಿಯನ್ನು ಮುಟ್ಟಿ ಮುಗಿದರೆ ಮಾರನೆಯ ದಿನ ಮಾರುವುದು. ಆರನೆಯ ದಿನ ಷೇರು 495ಕ್ಕೆ ಬಂತು; ಅಷ್ಟರಲ್ಲಿ ಸರಾಸರಿ 494ಕ್ಕೆ ಇಳಿದಿತ್ತು. ಸುಮಾರು 13 ರೂಪಾಯಿ ಲಾಭಕ್ಕೆ ಹೊರಬರಬಹುದು.

ಷೇರು ಏರದೆ, ಬೀಳದೆ 478ರಿಂದ 484ರ ನಡುವೆ ಕುಳಿತರೆ? ಸ್ಟಾಪ್‌ಲಾಸ್ ತಾಗುವುದಿಲ್ಲ. ಆದರೆ ಹಳೆಯ ಹೆಚ್ಚಿನ ಬೆಲೆಗಳು ಲೆಕ್ಕದಿಂದ ಬಿಟ್ಟುಹೋಗುತ್ತ ಸರಾಸರಿ ದಿನಕ್ಕೆ ಸುಮಾರು ಒಂದು ರೂಪಾಯಿ ಇಳಿಯುತ್ತದೆ. ಮೂರು ವಾರ ಕಳೆಯುವುದರಲ್ಲಿ ಅದೇ 482ರ ಆಸುಪಾಸಿಗೆ ಬಂದಿರುತ್ತದೆ. ಆರ್‌ಎಸ್‌ಐ ಕೂಡ 50ರತ್ತ ತೆವಳಿರುತ್ತದೆ. ನಿಯಮದ ಪ್ರಕಾರ ಗುರಿ ಮುಟ್ಟಿದಂತೆಯೇ, ಆದರೆ ಕೈಗೆ ಬಂದದ್ದು ಏನೂ ಇಲ್ಲ. ಬೆಲೆ ಸರಾಸರಿಯತ್ತ ಮರಳುವ ಬದಲು ಸರಾಸರಿಯೇ ಬೆಲೆಯತ್ತ ಇಳಿದು ಬಂದಿತು.

ಕಾಲಮಿತಿ ಬೇಕಾಗುವುದು ಇಲ್ಲಿಯೇ. ಹತ್ತು ವಹಿವಾಟಿನ ದಿನಗಳೊಳಗೆ ಗುರಿಯೂ ಸ್ಟಾಪ್‌ಲಾಸೂ ತಾಗದಿದ್ದರೆ ಹನ್ನೊಂದನೆಯ ಬೆಳಿಗ್ಗೆ ಬಂದ ಬೆಲೆಗೆ ಮಾರಿಬಿಡುವುದು. ಷೇರು ಆಗ 480ರಲ್ಲಿದ್ದರೆ ನಷ್ಟ ಎರಡು ರೂಪಾಯಿ ಮತ್ತು ವಹಿವಾಟಿನ ಖರ್ಚು. ನಾವು ಕೊಂಡದ್ದು ಬೇಗ ಮರಳುತ್ತದೆ ಎಂಬ ನಂಬಿಕೆಯ ಮೇಲೆ. ಅದು ಸುಳ್ಳಾದ ಮೇಲೆ ಆ ಷೇರನ್ನು ಇಟ್ಟುಕೊಳ್ಳಲು ಬೇರೆ ಕಾರಣ ಉಳಿದಿರುವುದಿಲ್ಲ. ಮಿತಿ ಎಷ್ಟಿರಬೇಕು ಎಂಬುದನ್ನು ಹಳೆಯ ವಹಿವಾಟುಗಳಿಂದ ತಿಳಿಯಬೇಕು: ಗೆದ್ದವುಗಳಲ್ಲಿ ಹೆಚ್ಚಿನವು ಎಷ್ಟನೇ ದಿನದೊಳಗೆ ಗುರಿ ಮುಟ್ಟಿದವು? ಆಮೇಲೆ 8, 12 ದಿನ ಇಟ್ಟೂ ನೋಡಬೇಕು. 10ಕ್ಕೆ ಮಾತ್ರ ಲಾಭ ಬಂದು ಅಕ್ಕಪಕ್ಕದಲ್ಲಿ ಕರಗಿದರೆ ಆ ಸಂಖ್ಯೆ ಹಳೆಯ ಅಂಕಿಗಳಿಗೆ ಹೊಂದಿಸಿ ಹೊಲಿದದ್ದೇ ಹೊರತು ಗುಣವಲ್ಲ.

ಈ ಯಾವ ನಿಯಮವೂ ತಡೆಯದ ಅಪಾಯವೊಂದಿದೆ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಶೇ 13ರಷ್ಟು ಕುಸಿದು 7,610ರಲ್ಲಿ ಮುಗಿಯಿತು. ಅಂಥ ಕುಸಿತದಲ್ಲಿ ಆರ್‌ಎಸ್‌ಐ ದಿನಗಟ್ಟಲೆ 30ರ ಕೆಳಗೇ ಉಳಿಯುತ್ತದೆ, ಬೆಲೆ ಕೆಳಬ್ಯಾಂಡನ್ನೇ ಹಿಡಿದು ಇಳಿಯುತ್ತದೆ. ನಿಫ್ಟಿ ಫೆಬ್ರುವರಿಯ ಕೊನೆಗೇ 200 ದಿನಗಳ ಸರಾಸರಿಯ ಕೆಳಗೆ ಜಾರಿದ್ದರಿಂದ ಮೊದಲ ನಿಯಮ ಮಾರ್ಚಿನ ಹೊಸ ಖರೀದಿಗಳನ್ನು ತಡೆಯುತ್ತಿತ್ತು. ಆದರೆ ಅದಕ್ಕೂ ಮೊದಲೇ ಕೊಂಡ ಷೇರು ರಾತ್ರೋರಾತ್ರಿ 482ರಿಂದ 440ಕ್ಕೆ ತೆರೆದರೆ ಸ್ಟಾಪ್‌ಲಾಸ್ 467ಕ್ಕೆ ಮಾರುವುದಿಲ್ಲ, 440ಕ್ಕೆ ಮಾರುತ್ತದೆ. ನಷ್ಟ ಷೇರಿಗೆ 15ರ ಬದಲು 42. ಶೇ 1ರ ಮಿತಿ ಶೇ 2.8 ಆಗುತ್ತದೆ, ಎಷ್ಟು ಷೇರು ಕೊಳ್ಳಬೇಕೆಂದು ಲೆಕ್ಕ ಹಾಕುವಾಗ ಆ ದಿನವನ್ನೂ ಸೇರಿಸಿಕೊಳ್ಳಬೇಕು.